ನಮ್ಮ ನಳ ಹೊಳ್ಳಿ

ನನ್ನ ಹೆಂಡತಿ ವನಮಾಲಾಳಿಗೆ ಊರವರ ಅರ್ಜಿ ತಿದ್ದುವ ಹುಚ್ಚು. ಹಗಲೆಲ್ಲ ಠಾಣೆ ಶಹರದ ಕೋರ್ಟಿನ ಹತ್ತಿರ ಒಬ್ಬ ವಕೀಲರ ಆಫೀಸಿನಲ್ಲಿ ಮರಾಠಿ ಟೈಪಿಂಗ್ ಮಾಡಿ ಬೆರಳು ಸವೆಸಿಕೊಂಡು ಬಂದವಳು ಸಂಜೆ ಮನೆಯಲ್ಲಿ ಮತ್ತೆ ಕಾಗದ ಹಿಡಿದು ಕೂರುತ್ತಿದ್ದಳು. ನೆರೆಕೆರೆಯವರ ರೇಷನ್ ಕಾರ್ಡು, ಹೊಟೇಲಿನ ಹುಡುಗರ ಮನಿಯಾರ್ಡರು ತಪ್ಪಿದ್ದು, ಎಲ್ಲವೂ ನಮ್ಮ ಮನೆಗೇ. ಬಿಟ್ಟಿ ಚಾಕರಿ. ಆ ಸಿಟ್ಟು ನನಗೆ ಇವತ್ತಿಗೂ ಇದೆ.

ಉಡುಪಿಯಿಂದ ಮದುವೆಯಾಗಿ ಬಂದಾಗ ಅವಳಿಗೆ ಮರಾಠಿಯ ಒಂದಕ್ಷರ ಬರುತ್ತಿರಲಿಲ್ಲ. ಕ್ಲಾಸಿಗೆ ಹೋಗಿ ಕಲಿತಳು, ಟೈಪಿಂಗ್ ಪರೀಕ್ಷೆ ಕಟ್ಟಿದಳು. ಅರ್ಜಿ ತಿದ್ದುವುದರಲ್ಲಿ ಅವಳದೊಂದು ಹಟವಿತ್ತು. ಬರೆದವರು ಬೈದಿದ್ದರೆ ಬೈಗುಳ ಅಲ್ಲೇ ಇರಬೇಕು, ಅತ್ತಿದ್ದರೆ ಅಳು ಇರಬೇಕು. ಒಮ್ಮೆ ಒಂದು ಅರ್ಜಿಯ ತುದಿಗೆ ನಾನು 'ತಮ್ಮ ಕೃಪಾಕಾಂಕ್ಷಿ' ಎಂದು ಸೇರಿಸಿದ್ದೆ. ಅದನ್ನು ಹೊಡೆದು ಹಾಕಿ, "ಅವರು ಕೃಪೆ ಕೇಳಿದ್ದಾರಾ ಮಾರಾಯ್ರೆ? ನಿಮ್ಮದನ್ನು ಯಾಕೆ ತುರುಕುವುದು?" ಎಂದು ನನ್ನ ಮುಖಕ್ಕೇ ಹೇಳಿದಳು.

ನಾನಾಗ ತುರ್ಭೆಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ಗುಮಾಸ್ತ. ಎಂಬತ್ತರ ದಶಕದ ಆರಂಭದ ಮಾತು. ಅಲ್ಲಿ ಲೋಡಿಂಗ್ ಮಾಡುತ್ತಿದ್ದ ಶಂಕ್ರೆಪ್ಪ ಒಂದು ಮಧ್ಯಾಹ್ನ ಮಡಚಿದ ಕಾಗದವೊಂದನ್ನು ನನ್ನ ಕೈಗಿಟ್ಟ. ಗುಲ್ಬರ್ಗಾ ಕಡೆಯವನು, ಮಾತು ಕಡಿಮೆ.

"ಸಾಹೇಬ್ರ, ನಿಮ್ ಮನ್ಯಾಗಿನ ಬಾಯಾರಿಗಿ ಕೊಡ್ರಿ. ನಮ್ ಚಂದವ್ವ ಬರದಾಳ. ಅರ್ಧಾ ಆಗ್ಯಾದ. ಮುಂದಿಂದು ಬಾಯಾರು ಬರದು ಮರಾಠಿದಾಗ ಮಾಡಿ ಕೊಡಬೇಕಂತ."

ಚಂದವ್ವ ಅವನ ಹೆಂಡತಿ. ಕಲ್ಲಿನ ಖದಾನಿನ, ಎಂದರೆ ಕ್ವಾರಿಯ, ಪಕ್ಕದ ಜೋಪಡಿಗಳಲ್ಲಿ ಇವರ ವಾಸ. ಬೇಡ ಎನ್ನಬೇಕೆಂದುಕೊಂಡೆ. ಆಗಲಿಲ್ಲ. ರಾತ್ರಿ ಊಟವಾದ ಮೇಲೆ ವನಮಾಲಾ ಕಾಗದ ಬಿಡಿಸಿ ಗಟ್ಟಿಯಾಗಿ ಓದಿದಳು.

"ಸಾಹೇಬರಿಗೆ. ನಾವು ಖದಾನಿ ಬಾಜೂಕಿನ ಹೆಣ್ಮಕ್ಕಳು ಬರಿಯೂದು ಏನಂದ್ರ, ರಸ್ತಾ ದೊಡ್ಡದು ಮಾಡ್ತೀವಿ ಅಂತ ನೀವು ನಮ್ ನಳ ಕಿತ್ತಿರಿ. ಎಂಟ್ ದಿನದಾಗ ಹಚ್ತೀವಿ ಅಂದ್ರಿ. ಮಳಿಗಾಲ ಹೋಯ್ತು. ಥಂಡಿ ಹೋಯ್ತು. ಈಗ ನೀರಿಗಿ ದೊಡ್ಡ ರಸ್ತಾ ದಾಟ್ತೀವಿ. ನನ್ ತಂಗಿ ಸಾಬವ್ವನ ಕಾಲು ಟ್ರಕ್ಕಿನ ಕೆಳಗ ಹೋಯ್ತು. ನಿಮ್ಮ ಮನಿ ನಳ ಯಾರರ ಕಿತ್ತಿದ್ರ ನೀವು ಸುಮ್ ಕುಂದರ್ತಿದ್ರೇನು? ನಾವು ಭಿಕ್ಷಾ ಬೇಡ್ಲಾಕ ಬಂದಿಲ್ಲ. ನಮ್ ನಳ ಹೊಳ್ಳಿ"

ಅಷ್ಟೇ. ಮುಂದೆ ಪೆನ್ನು ಎಳೆದ ಒಂದು ಗೀಟು.

ಇಬ್ಬರೂ ಮುಖ ಮುಖ ನೋಡಿಕೊಂಡೆವು. ನಮ್ಮ ಕಡೆ ಹೊಳ್ಳ ಎಂದರೆ ಒಂದು ಮನೆತನದ ಹೆಸರು. ಉಡುಪಿಯಲ್ಲಿ ಕಲ್ಲು ಬಿಸಾಡಿದರೆ ಒಬ್ಬ ಹೊಳ್ಳರ ಅಂಗಳಕ್ಕೆ ಬೀಳುತ್ತದೆ.

"ಹೊಳ್ಳ ಅಂತ ಯಾರೋ ಇಂಜಿನಿಯರು ಇರಬೇಕು. ನಳ ಕಿತ್ತದ್ದು ಅವನೇ. ಅವಸರದಲ್ಲಿ ಹೆಸರಿನ ಕೊನೆಗೆ ಗುಡಿಸು ಬಿದ್ದಿದೆ," ಎಂದೆ ನಾನು. "ನಮ್ಮ ಊರಿನವನ ಮೇಲೆ ತಕ್ರಾರ್ ಬರೆದು ಕೊಡ್ತೀಯಾ ನೀನು? ನಾಳೆ ಯಾರದಾದರೂ ಮದುವೆಯಲ್ಲಿ ಎದುರಾದರೆ ಏನು ಹೇಳುವುದು?"

"ಹೊಳ್ಳ ಆದರೂ ಸರಿ, ಗೋಖಲೆ ಆದರೂ ಸರಿ. ಕಿತ್ತದ್ದು ಕಿತ್ತದ್ದೇ ಅಲ್ವಾ?" ಎಂದಳು ಅವಳು. ಆದರೆ ಅವಳಿಗೂ ಆ ಸಾಲು ಕೂಡುತ್ತಿರಲಿಲ್ಲ.

"ಅದನ್ನು ಬಿಡು. 'ನಮಗೆ ನಳ ಕೊಡಿ' ಅಂತ ಮುಗಿಸು. ಯಾರ ಹೆಸರೂ ಬೇಡ. ಮೇಲೆ ವಿನಂತಿ ಅರ್ಜಿ ಅಂತ ಹಾಕು. ನಮಗೂ ನಿದ್ದೆ ಬರುತ್ತಿದೆ."

ಅವಳು ಪೆನ್ನು ಮುಚ್ಚಿಟ್ಟಳು. "ಅವರು ಎಂತ ಹೇಳಲಿಕ್ಕೆ ಹೊರಟದ್ದು ಅಂತ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ನಾನು ಮುಗಿಸುವುದಿಲ್ಲ."

ಹೀಗಾಗಿ ಭಾನುವಾರ, ವಾರಕ್ಕೊಂದೇ ಸಿಗುವ ನನ್ನ ಭಾನುವಾರ, ಠಾಣೆಯಿಂದ ಬಸ್ಸಿನಲ್ಲಿ ನೇತಾಡಿಕೊಂಡು ತುರ್ಭೆಗೆ ಹೋದೆವು. ರಸ್ತೆಯ ಬದಿಯಲ್ಲಿ ಮುರಿದ ಕೊಳವೆಯ ಮೋಟು ನೆಲದಿಂದ ಎದ್ದು ನಿಂತಿತ್ತು. ಅದರ ಬಾಯಿಗೆ ಚಿಂದಿ ತುರುಕಿದ್ದರು. ಚಂದವ್ವ ಕೊಡ ಇಳಿಸಿ ಬಂದಳು. ಎತ್ತರದ ಹೆಂಗಸು. ಬಿಸಿಲಿಗೆ ಸುಟ್ಟ ಮುಖ, ಧ್ವನಿ ಮಾತ್ರ ಬಹಳ ದೊಡ್ಡದು. ಒಳಗೆ ಸಾಬವ್ವ ಪ್ಲಾಸ್ಟರು ಹಾಕಿದ ಕಾಲು ಚಾಚಿ ಮಲಗಿದ್ದಳು.

"ಚಂದವ್ವ, ಈ ಹೊಳ್ಳ ಯಾರು?" ವನಮಾಲಾ ನೇರವಾಗಿ ಕೇಳಿದಳು.

"ಯಾವ ಹೊಳ್ಳರಿ?"

ಕಾಗದ ತೋರಿಸಿದಳು. ಚಂದವ್ವ ನೋಡಿದಳು, ಸೊಂಟಕ್ಕೆ ಕೈ ಇಟ್ಟು ನಕ್ಕಳು. ಒಳಗಿನಿಂದ ಸಾಬವ್ವನೂ ನಕ್ಕಳು. ನನಗೆ ಮೈಯೆಲ್ಲ ಉರಿಯಿತು.

"ಯವ್ವಾ! ಮನಿಷ್ಯಾ ಅಲ್ಲರಿ ಅಕ್ಕಾರ. ಹೊಳ್ಳಿ ಅಂದ್ರ ಹೊಳ್ಳಿ. ವಾಪಸ್! ನಮ್ ನಳ ಹೊಳ್ಳಿ ಹಚ್ಚರಿ ಅಂತ ಬರೀಲಿಕತ್ತಿದ್ದೆ. ಅಲ್ಲಿಗಿ ಬರೂದ್ರಾಗ ಸಿಟ್ಟು ನೆತ್ತಿಗೇರಿ ಗೀಟು ಎಳದೆ. ಬಿಟ್ಟೆ."

ವನಮಾಲಾ ನಗಲಿಲ್ಲ. ನನ್ನ ಕಡೆ ತಿರುಗಿ, "ನೋಡಿ, ನಳ ಕೊಡಿ ಅಂತ ಬರೆದಿದ್ದರೆ ಎಂತ ಆಗ್ತಿತ್ತು?" ಎಂದಳು. ಅವಳೇ ಚಂದವ್ವನಿಗೆ ಬಿಡಿಸಿ ಹೇಳಿದಳು. "ಕೊಡಿ ಅಂದರೆ ಹೊಸ ನಳದ ವಿನಂತಿ. ಜೋಪಡಿಗೆ ಹೊಸ ನಳ ಅಂದರೆ ಸರ್ವೆ, ಮಂಜೂರಿ, ಅದು ಇದು ಅಂತ ಫೈಲು ಮೂಲೆಗೆ ಹೋಗ್ತದೆ. ಹೊಳ್ಳಿ ಹಚ್ಚಿ ಅಂದರೆ ಇದ್ದದ್ದನ್ನು ನೀವು ತೆಗೆದಿರಿ, ಮೊದಲಿನ ಹಾಗೆ ಮಾಡಿ ಅಂತ ಆಯ್ತು. ಅದು ತಕ್ರಾರ್. ಅದಕ್ಕೆ ಅವರು ಜವಾಬು ಕೊಡಬೇಕು."

"ಅದೇ ಮತ್ತ! ನಾ ಬೇಡ್ಲಿಕತ್ತಿಲ್ಲ."

ವನಮಾಲಾ ಅಲ್ಲೇ ಕೂತು ಮುಗಿಸಿದಳು. ಮೇಲೆ ವಿಷಯದ ಸಾಲು: ಕಿತ್ತ ನಳ ಪೂರ್ವವತ್ ಹಚ್ಚುವ ಬಗ್ಗೆ ತಕ್ರಾರ್. ಆಮೇಲೆ ಚಂದವ್ವನ ಮಾತು ಸಾಲು ಸಾಲಾಗಿ ಮರಾಠಿಯಲ್ಲಿ. ನಳ ಎಲ್ಲಿತ್ತು, ಮೋಟು ಎಲ್ಲಿದೆ ಎಂಬುದನ್ನು ಕೇಳಿ ಸೇರಿಸಿದಳು. ಯಾವ ತಾರೀಖಿಗೆ ಹಚ್ಚುತ್ತೀರಿ, ಬರೆದು ತಿಳಿಸಿ ಎಂಬ ಸಾಲನ್ನು ಸೇರಿಸಲೇ ಎಂದು ಕೇಳಿ, ಚಂದವ್ವ ಹೂಂ ಅಂದ ಮೇಲೆಯೇ ಸೇರಿಸಿದಳು. 'ನಿಮ್ಮ ಮನೆಯ ನಳ ಕಿತ್ತಿದ್ದರೆ' ಎಂಬ ಮಾತನ್ನು ತೆಗೆಯೆಂದು ನಾನು ಕಣ್ಣಲ್ಲೇ ಬೇಡಿಕೊಂಡೆ. ತೆಗೆಯಲಿಲ್ಲ. ಕೊನೆಗೆ ಎಲ್ಲವನ್ನೂ ಓದಿ, ಕನ್ನಡದಲ್ಲಿ ಹೇಳಿ, ಹೆಂಗಸರಿಗೆ ಕೇಳಿಸಿದಳು. ಮರುದಿನ ಕಾರ್ಬನ್ ಇಟ್ಟು ಟೈಪ್ ಮಾಡಿದಳು. ನಾನದನ್ನು ತುರ್ಭೆಗೆ ಒಯ್ದೆ. ಚಂದವ್ವ ಸಹಿ ಹಾಕಿದಳು, ಉಳಿದವರು ಹೆಬ್ಬೆಟ್ಟು ಒತ್ತಿದರು.

ನೀರಿನ ಕಚೇರಿಯಲ್ಲಿ ಬಂದ ಕಾಗದ ತೆಗೆದುಕೊಳ್ಳುವ ಆವಕ ಟೇಬಲ್ಲಿನ ಗುಮಾಸ್ತ ಓದಿ ಮೂಗು ಮುರಿದ. ಇದನ್ನು ವಿನಂತಿ ಅರ್ಜಿ ಮಾಡಿ ತನ್ನಿ, ಹೀಗೆ ತೆಗೆದುಕೊಳ್ಳಲು ಬರುವುದಿಲ್ಲ ಎಂದ. ಬರುವುದಿಲ್ಲ ಎಂದು ಇದರ ಮೇಲೆಯೇ ಬರೆದು ಸಹಿ ಮಾಡಿಕೊಡಿ ಎಂದಳು ವನಮಾಲಾ. ಅವನು ಗೊಣಗುತ್ತ ಕಾರ್ಬನ್ ಪ್ರತಿಯ ಮೇಲೆ ಠಸ್ಸೆ ಒತ್ತಿ ಆವಕ ನಂಬರು ಗೀಚಿದ.

ಆಮೇಲೆ ಏನೂ ಇಲ್ಲ. ವಿಚಾರಿಸಲು ಹೋದಾಗಲೆಲ್ಲ ಸಾಹೇಬರು ಸೈಟಿನಲ್ಲಿ, ಸಾಹೇಬರು ಮೀಟಿಂಗಿನಲ್ಲಿ, ಸಾಹೇಬರು ಊಟಕ್ಕೆ. ಆವಕ ನಂಬರು ಹೇಳಿದರೆ ಫೈಲು ಮೇಲೆ ಹೋಗಿದೆ ಎನ್ನುವರು. ಮೇಲೆ ಎಂದರೆ ಮಾಳಿಗೆಯೋ ಸ್ವರ್ಗವೋ ದೇವರಿಗೇ ಗೊತ್ತು. ಅತ್ತ ಬಿಸಿಲು ಏರುತ್ತಿತ್ತು, ಹೆಂಗಸರು ಟ್ರಕ್ಕುಗಳ ನಡುವೆ ಕೊಡ ಹೊತ್ತು ಓಡುತ್ತಿದ್ದರು. ನನಗೇ ರೋಸಿ ಹೋಗಿತ್ತು.

ಕೊನೆಗೊಂದು ದಿನ ಆ ಸಾಹೇಬರಿಂದ, ಎಂದರೆ ಇಂಜಿನಿಯರಿಂದ, ಚಂದವ್ವನಿಗೆ ಕರೆ ಬಂತು. ಅವಳು, ವನಮಾಲಾ ಇಬ್ಬರ ಜೊತೆ ನಾನೂ ರಜೆ ಹಾಕಿ ಹೋದೆ. ಇಂಜಿನಿಯರ ಮೇಜಿನ ಮೇಲೆ ನಮ್ಮ ಅರ್ಜಿ ಇತ್ತು. ಒಂದು ಸಾಲಿನ ಕೆಳಗೆ ಕೆಂಪು ಗೀಟು.

"ಹೀ ಭಾಷಾ ಚಾಲಣಾರ್ ನಾಹೀ, ಬಾಯಿ," ಎಂದರು ಅವರು. ಈ ಭಾಷೆ ನಡೆಯುವುದಿಲ್ಲ. ನಳ ಹಚ್ಚುವ ಆದೇಶ ತಯಾರಿದೆ, ಸಹಿ ಒಂದೇ ಬಾಕಿ. ಆದರೆ ನನ್ನ ಮನೆಯ ನಳದ ಮಾತು ಎತ್ತಿದ್ದಕ್ಕೆ ಮೊದಲು ಕ್ಷಮೆ ಕೇಳಿ ಮಾಫಿನಾಮಾ ಬರೆದು ಕೊಡಿ. ಇಲ್ಲವಾದರೆ ಫೈಲು ಇಲ್ಲೇ ಕೂರುತ್ತದೆ ಎಂದರು.

ವನಮಾಲಾ ಕೆಂಡವಾದಳು. ತಕ್ರಾರ್‌ಗೆ ಮಾಫಿ ಎಂಬ ನಿಯಮ ಎಲ್ಲಿದೆ, ತೋರಿಸಿ ಎಂದಳು. ಅವರು ಕಿಟಕಿಯ ಕಡೆ ನೋಡುತ್ತ ಚಹಾ ಕುಡಿದರು. ವನಮಾಲಾ ಚಂದವ್ವನ ಕೈ ಹಿಡಿದು ಹೊರಗೆ ಪಡಸಾಲೆಗೆ ಕರೆತಂದಳು.

"ಬರೀಬಾರದು ಚಂದವ್ವ. ಇನ್ನೂ ಮೇಲಿನವರಿಗೆ ಕೊಡುವ."

"ಮ್ಯಾಲಿನವ್ರು ಎಂದ ಓದ್ತಾರ್ರಿ? ಅಷ್ಟ್ರಾಗ ಇನ್ನೊಬ್ಬಾಕಿ ಕಾಲು ಹೋದ್ರ?" ಚಂದವ್ವ ಗೋಡೆಗೊರಗಿ ಕೂತಳು. "ಬರೀರಿ ಅಕ್ಕಾರ. ನಾ ಹೇಳ್ತೀನಿ, ಹಾಂಗೇ ಬರೀರಿ. ಒಂದಕ್ಷರ ಆಚಿ ಈಚಿ ಮಾಡಬ್ಯಾಡ್ರಿ."

ವನಮಾಲಾ ಚೀಲದಿಂದ ಒಂದು ಖಾಲಿ ಕಾಗದ ಎಳೆದಳು. ಆಮೇಲೆ ಪೆನ್ನು ತೆಗೆದಳು. ಚಂದವ್ವ ತಡೆತಡೆದು ಹೇಳಿದಳು, ಇವಳು ಮೊಣಕಾಲ ಮೇಲೆ ಕಾಗದ ಇಟ್ಟು ಮರಾಠಿಯಲ್ಲಿ ಇಳಿಸಿದಳು.

"ಸಾಹೇಬರೇ, ಮಾಫಿ ಮಾಡಿರಿ. ನಳ ಕಿತ್ತಾಗ ಎಂಟು ದಿನದಾಗ ಹಚ್ತೀವಿ ಅಂತ ನೀವು ಹೇಳಿದ್ರಿ. ಅದು ನಂಬಿದ್ದು ನಮ್ಮ ತಪ್ಪು."

ಇಂಜಿನಿಯರು ಓದಿದರು. ಮತ್ತೊಮ್ಮೆ ಓದಿದರು. ಮುಖ ಕೆಂಪಾಯಿತು. ಮಾಫಿ ಎಂದು ಮೊದಲ ಸಾಲಿನಲ್ಲೇ ಇತ್ತು, ತಪ್ಪು ನಮ್ಮದು ಎಂದೂ ಇತ್ತು. ತೆಗೆಯಿರಿ ಎನ್ನಲು ಅವರಿಗೆ ಏನೂ ಸಿಗಲಿಲ್ಲ. ಎದುರಿಗೆ ಚಂದವ್ವ ಎರಡೂ ಕೈ ಮುಗಿದು ನಿಂತಿದ್ದಳು. ಆದೇಶದ ಮೇಲೆ ಸಹಿ ಗೀಚಿ ಫೈಲನ್ನು ಪಕ್ಕಕ್ಕೆ ಎಸೆದರು.

ಠಾಣೆಯ ಬಸ್ಸಿನಲ್ಲಿ ವನಮಾಲಾ ಕಿಟಕಿಗೆ ಮುಖ ತಿರುಗಿಸಿ ಕೂತಿದ್ದಳು. ಚಂದವ್ವ ಗೆದ್ದಳು ಮಾರಾಯ್ತಿ ಎಂದೆ ನಾನು, ಸಮಾಧಾನಕ್ಕೆ.

"ಎಂತ ಗೆದ್ದದ್ದು? ಕೈ ಮುಗಿಸಿಯೇ ಕಳಿಸಿದರಲ್ಲ," ಎಂದಳು ಅವಳು, ಮತ್ತು ಸೀಟಿನಲ್ಲೇ ಅತ್ತುಬಿಟ್ಟಳು.

ಆ ವಾರವೇ ನಳ ಬಂತು. ಮೊದಲ ದಿನದ ನೀರನ್ನು ಒಂದು ಕ್ಯಾನಿಗೆ ತುಂಬಿ ಶಂಕ್ರೆಪ್ಪ ನನ್ನ ಕೈಗೆ ಕೊಟ್ಟ. ಅಕ್ಕಾರಿಗಿ ಕುಡೀಲಿಕ್ಕೆ ಅಂತ ಚಂದವ್ವ ಕೊಟ್ಟಾಳ ಎಂದ. ನಮ್ಮ ಮನೆಯ ನಳದಲ್ಲೂ ಅದೇ ಥರದ ನೀರು ಬರುತ್ತದೆ, ಹೊತ್ತುಕೊಂಡು ಹೋಗುವುದೇನು ಎಂದು ಗೊಣಗುತ್ತಲೇ ಬಸ್ಸಿನಲ್ಲಿ ಠಾಣೆಯವರೆಗೆ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ವನಮಾಲಾ ಒಂದು ಲೋಟ ಬಗ್ಗಿಸಿಕೊಂಡು ನಿಂತಲ್ಲೇ ಪೂರ್ತಿ ಕುಡಿದಳು.