ಕಡ್ಡಿಗಳ್ಳರು ಕೂಗಲಿಲ್ಲ

ನನಗೆ ಚಿತ್ರ ಬರೆಯಲು ಬರುವುದಿಲ್ಲ. ಒಂದು ಉದ್ದ ಗೆರೆ, ಅದರ ತುದಿಗೊಂದು ಸೊನ್ನೆ, ಅಲ್ಲಿಗೆ ನನ್ನ ಕಲೆ ಮುಗಿಯುತ್ತದೆ. ಅಕ್ಕ ತಾನೇ ಮಾಡುತ್ತಿದ್ದ ಮೊಬೈಲ್ ಗೇಮಿಗೆ ತರಕಾರಿ ಕಳ್ಳರು ಬೇಕು ಎಂದಾಗ ಆ ಗೆರೆಗಳನ್ನೇ ಬರೆದುಕೊಟ್ಟೆ.

"ಇವು ಕಳ್ಳರೋ, ಊದಿನಕಡ್ಡಿಯೋ?" ಎಂದಳು.

"ತರಕಾರಿ ತಿಂದು ಯಾರು ದಪ್ಪ ಆಗ್ಯಾರು?"

ಅಕ್ಕ ಬೆಳಗಾವಿಯ ಟಿಳಕವಾಡಿಯ ಒಂದು ಸಣ್ಣ ಕಚೇರಿಯಲ್ಲಿ ಬೇರೆಯವರ ಗೇಮ್‌ಗಳಿಗೆ ಪ್ರೋಗ್ರಾಂ ಬರೆಯುತ್ತಾಳೆ. ಅನಗೋಳದ ನಮ್ಮ ಬಾಡಿಗೆ ಮನೆಗೆ ಬಂದ ಮೇಲೆ ತನ್ನದನ್ನು ಬರೆಯುತ್ತಿದ್ದಳು. ಅದರಲ್ಲಿ ಕಾಯಿಪಲ್ಯೆ ಮಾರ್ಕೆಟ್ಟಿನ ಬುಟ್ಟಿಗಳ ಹಿಂದಿನಿಂದ ಕಳ್ಳರು ಏಳುತ್ತಾರೆ, ಆಡುವವರು ಗುಂಡು ಹೊಡೆಯಬೇಕು. ತಾಕಿದರೆ ಕಳ್ಳ "ಅಯ್ಯಯ್ಯಪ್ಪೋ, ಬದ್ನಿಕಾಯಿ ಬಿಟ್ಟೆ ಬಿಡ್ರೋ!" ಎಂದು ಕೂಗಿ ಬೀಳುತ್ತಾನೆ.

ಆ ಕೂಗು ಅಪ್ಪನದು.

ಅಪ್ಪ ಬೆಳಗಾವಿಯ ಮಾರ್ಕೆಟ್ಟಿನಲ್ಲಿ ಹರಾಜಿನ ಸವಾಲು ಕೂಗುತ್ತಿದ್ದ. ಟೊಮ್ಯಾಟೊ ಬುಟ್ಟಿಯ ಮೇಲೆ ಕೈಯಿಟ್ಟು ಬಾಯಿ ತೆರೆದನೆಂದರೆ ಬಾಜೂಕಿನ ಓಣಿಯ ನಾಯಿಯೂ ದರ ಏರಿಸುತ್ತಿತ್ತು ಎಂದು ನಾನು ಹೇಳುತ್ತಿದ್ದೆ. ನನ್ನ ಮಿಮಿಕ್ರಿ ಶುರುವಾದದ್ದೇ ಅವನಿಂದ. ಆಮೇಲೆ ಮಾಸ್ತರರು, ಕಂಡಕ್ಟರರು, ಮನೆ ಮಾಲಕರು, ಯಾರನ್ನೂ ಬಿಡಲಿಲ್ಲ. ಕನ್ನಡಿಯ ಮುಂದೆ ನಿಂತು ನನ್ನನ್ನೂ ಅಣಕಿಸಿದೆ. ಎಲ್ಲರಿಗಿಂತ ಸುಲಭದ ಗಿರಾಕಿ ನಾನೇ.

ಅಪ್ಪನ ಗಂಟಲಲ್ಲಿ ಗಡ್ಡೆ ಸಿಕ್ಕಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಡಾಕ್ಟರು. ಆಪರೇಶನ್ನಿಗೆ ಮೊದಲು ಅಕ್ಕ ಅವನ ಮುಂದೆ ಮೈಕು ಇಟ್ಟು, "ಅಪ್ಪಾ, ಕಳ್ಳನಂಗ ಒದರು" ಎಂದಳು. ದನಿ ಆಗಲೇ ಒಡೆದಿತ್ತು. ಆದರೂ ಅಪ್ಪ ಹೊಡೆತ ತಿಂದ ಕಳ್ಳನಾಗಿ, ಅಳುವ ಕಳ್ಳನಾಗಿ, ಪೊಲೀಸರಿಗೇ ಸವಾಲು ಕೂಗುವ ಕಳ್ಳನಾಗಿ ಒಂದು ಇಡೀ ಮಧ್ಯಾಹ್ನ ಕೂಗಿದ. ನಕ್ಕು ನಕ್ಕು ಕೆಮ್ಮು ಹತ್ತಿ ನಿಲ್ಲಿಸಿದ.

ಆಪರೇಶನ್ ಆದ ಮೇಲೆ ಕುತ್ತಿಗೆಯಲ್ಲೊಂದು ತೂತು, ಅದರ ಮೇಲೊಂದು ತೆಳು ಬಟ್ಟೆ. ಉಸಿರು ಅಲ್ಲಿಂದಲೇ. ಅವ್ವ ಅವನನ್ನು ನಮ್ಮೂರು ಖಾನಾಪುರದ ಮನೆಗೆ ಕರೆದುಕೊಂಡು ಹೋದಳು. ಗೇಮು ಒಂದು ಹದಕ್ಕೆ ಬಂದಾಗ ನಾವಿಬ್ಬರೂ ಅಲ್ಲಿಗೆ ಹೋಗಿ ಅಪ್ಪನ ಹಳೆಯ ಫೋನಿನಲ್ಲೇ ಅದನ್ನು ಹಾಕಿಕೊಟ್ಟೆವು.

ಅಪ್ಪ ಗುರಿಯಿಟ್ಟು ಹೊಡೆದ. ಗುಂಡು ಕಳ್ಳನ ಈಚೆ ಕಂಡಿತು, ಆಚೆ ಕಂಡಿತು. ಕಳ್ಳ ನಿಂತೇ ಇದ್ದ. ಇನ್ನೊಬ್ಬನಿಗೆ ಹೊಡೆದ, ಅವನೂ ಹಾಗೆಯೇ. ಅಪರೂಪಕ್ಕೊಂದಾದರೂ ತಾಕಬೇಕಿತ್ತು. ಅವತ್ತು ಅದೂ ಆಗಲಿಲ್ಲ. ಬಂದೂಕಿನ ಸದ್ದು ಮಾತ್ರ. ಅಪ್ಪ ಫೋನನ್ನು ಕಿವಿಗೆ ಹಿಡಿದು ನೋಡಿದ. ಆಮೇಲೆ ಪಕ್ಕದಲ್ಲಿದ್ದ ಪಾಟಿಯ ಮೇಲೆ ಬಳಪದಿಂದ ಬರೆದ: "ನನ್ನ ದನಿ ತಗದ್ರೇನು? ಒಡಕ ಇತ್ತಲ್ಲ, ಛಲೋ ಆತು ಬಿಡ್ರಿ."

"ಇಲ್ಲಪ್ಪಾ, ಖರೇನೂ ತಗದಿಲ್ಲ! ಏನೋ ತಪ್ಪಾಗೇತಿ," ಎಂದಳು ಅಕ್ಕ.

ಕೊಳೆತ ಮಾಲು ತಂದ ರೈತ ಮೇಲಿಂದ ಮೇಲೆ ಆಣೆಯಿಟ್ಟಾಗ ಅಪ್ಪ ನಂಬದೆ ತಲೆಯಾಡಿಸುತ್ತಿದ್ದನಲ್ಲ, ಹಾಗೆ ತಲೆಯಾಡಿಸಿದ. ಬಸ್ಸಿನಲ್ಲಿ ವಾಪಸು ಬರುವಾಗ ನಾನು ಕಂಡಕ್ಟರನನ್ನು ಅಣಕಿಸಿದೆ. ಅಕ್ಕ ನಗಲಿಲ್ಲ.

ಅವಳ ಕಂಪ್ಯೂಟರಿನಲ್ಲಿ ಎಲ್ಲ ಗುಂಡೂ ತಾಕುತ್ತಿದ್ದವು. ಅಲ್ಲಿಯೇ ಆಡಿ ನಾನು "ಪಾಸ್" ಎಂದಿದ್ದೆ. ತಪ್ಪು ಎಲ್ಲಿದೆ ಎಂದು ಅವಳಿಗೆ ಹೊಳೆದಾಗ ನನ್ನನ್ನು ಮನೆಯ ನಡುವೆ ನಿಲ್ಲಿಸಿ, ಎದುರಿಗೆ ಕಸಬರಿಗೆಯನ್ನು ನೆಟ್ಟಗೆ ಹಿಡಿದಳು.

"ನೀ ಗುಂಡು, ಇದು ಕಳ್ಳ. ಕಂಪ್ಯೂಟರ್ ಒಂದು ಸಲ ಕಣ್ಣು ತೆರೀತೈತಿ, ನಿನ್ನ ನೋಡತೈತಿ, ಮತ್ತ ಮುಚ್ಚತೈತಿ. ಅದು ಕಣ್ಣು ಮುಚ್ಚಿದಾಗ ನೀ ಜಿಗಿ."

ಜಿಗಿದೆ. ಕಸಬರಿಗೆಯ ಆಚೆ ಬಿದ್ದೆ.

"ಈಗ ಕಣ್ಣು ತೆರೀತು. ಮೊದಲು ನೀ ಕಸಬರಿಗಿಗೆ ತಾಕಿದ್ದ್ಯಾ?"

"ಇಲ್ಲ."

"ಈಗ?"

"ಇಲ್ಲ."

"ಹಂಗಾದ್ರ ತಾಕೇ ಇಲ್ಲ ಅಂತೈತಿ. ನಡುವ ಏನಾತು ಅಂತ ಅದು ಕೇಳೂದೇ ಇಲ್ಲ. ನನ್ನ ಕಂಪ್ಯೂಟರ್ ಪಟಪಟ ಕಣ್ಣು ತೆರೀತೈತಿ, ಜಿಗಿತ ಸಣ್ಣದು. ಅಪ್ಪನ ಫೋನು ನಿಧಾನ, ಜಿಗಿತ ದೊಡ್ಡದು. ನಿನ್ನ ಕಡ್ಡಿಗಳ್ಳರಂತೂ ಆ ಜಿಗಿತದಾಗ ಮಾಯ."

ಗುಂಡಿನ ವೇಗ ತಗ್ಗಿಸೋಣ ಎಂದೆ. "ಗುಂಡೋ, ಹೂವಿನ ಮಾಲಿಯೋ?" ಎಂದಳು. ಜಿಗಿತವನ್ನು ಸಣ್ಣ ಸಣ್ಣ ತುಂಡು ಮಾಡಿ ನೋಡಿದಳು. ಪರೀಕ್ಷೆಗೆಂದು ತಂದಿದ್ದ, ಅಪ್ಪನದರಂಥದೇ ಇನ್ನೊಂದು ಹಳೆಯ ಫೋನು ಲೆಕ್ಕ ತಾಳದೆ ಬಿಸಿಯಾಗಿ ಮತ್ತಷ್ಟು ನಿಧಾನವಾಯಿತು. ಆಗ ನಾನು ಕಳ್ಳರ ಸುತ್ತ ಕಣ್ಣಿಗೆ ಕಾಣದ ಒಂದು ದಪ್ಪ ಮೈ ಕಟ್ಟೋಣ ಎಂದೆ. ಕಟ್ಟಿದೆವು. ಗುಂಡು ತಾಕಿತು. ತಲೆಯ ಮೇಲಿನಿಂದ ಹಾದುಹೋದ ಗುಂಡಿಗೂ ಕಳ್ಳ ಅಪ್ಪನ ದನಿಯಲ್ಲಿ ಅರಚಿದ. ನನಗೆ ಅಷ್ಟೇ ಸಾಕಾಗಿತ್ತು.

"ಅಪ್ಪ ಕೇಳಿದ್ರ ಆತಲ್ಲ. ಇರಲಿ ಬಿಡ."

"ಕೂಗದ ದರಕ್ಕ ಒಂದು ಬುಟ್ಟಿನೂ ಬಿಟ್ಟುಕೊಟ್ಟಾಂವಲ್ಲಲೇ ಅಂವ. ತಾಕದ್ದಕ್ಕ ತಾಕೇತಿ ಅಂದ್ರ, ನನ್ನ ಮ್ಯಾಲಿನ ಕನಿಕರಕ್ಕ ಮಾಡ್ಯಾರ ಅಂತ ಒಂದೇ ಏಟಿಗೆ ತಿಳೀತಾನ," ಎಂದಳು ಅಕ್ಕ. ದಪ್ಪ ಮೈಯನ್ನು ಅಳಿಸಿಹಾಕಿದಳು.

ಆ ವಾರವೇ ಡಾಕ್ಟರು ನಮ್ಮಿಬ್ಬರನ್ನು ಕೂರಿಸಿಕೊಂಡು, ರೋಗ ಎದೆಗೆ ಇಳಿದಿದೆ, ಇನ್ನು ನೋವು ಕಡಿಮೆ ಮಾಡುವುದಷ್ಟೇ ನಮ್ಮ ಕೈಲಿದೆ ಎಂದರು. ಮೆಟ್ಟಿಲು ಇಳಿಯುತ್ತ ಅಕ್ಕ ಅಂದದ್ದು ಒಂದೇ ಮಾತು: "ಗೇಮು ಈ ಐತವಾರಕ್ಕ ಆಗಬೇಕು."

ಈ ಸಲ ಅವಳು ಗುಂಡು ಎಲ್ಲಿ ನಿಂತಿದೆ ಎಂದು ಕೇಳುವುದನ್ನು ಬಿಟ್ಟು, ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ಕೇಳಿಸಿದಳು. ಹಿಂದಿನ ಜಾಗದಿಂದ ಹೊಸ ಜಾಗದವರೆಗೆ ಗುಂಡಿನಷ್ಟೇ ಅಗಲದ ಒಂದು ದಾರಿ. ಆ ದಾರಿ ಕಳ್ಳನ ಮೈಯನ್ನು ಮುಟ್ಟುತ್ತದೆಯೇ? ಮುಟ್ಟಿದರೆ, ಜಿಗಿತದ ಯಾವ ಗಳಿಗೆಯಲ್ಲಿ ಮೊದಲು ಮುಟ್ಟಿತು? ಗುಂಡನ್ನು ಅಲ್ಲಿಗೇ ತಂದು ನಿಲ್ಲಿಸಿ ಕಳ್ಳನನ್ನು ಬೀಳಿಸು. ಕಳ್ಳನೂ ಓಡುತ್ತಿದ್ದರೆ ಅವನ ಓಟವನ್ನೂ ಲೆಕ್ಕಕ್ಕೆ ಹಿಡಿ. ದಾರಿಯಲ್ಲಿ ಇಬ್ಬರು ಸಿಕ್ಕರೆ ಮೊದಲು ಸಿಕ್ಕವನಿಗೇ ಏಟು. ಆಮೇಲೆ ಫೋನು ಎಷ್ಟು ನಿಧಾನವಾಗಿದ್ದರೂ, ಕಳ್ಳ ಎಷ್ಟು ತೆಳ್ಳಗಿದ್ದರೂ ಗುಂಡು ನುಸುಳಿ ಹೋಗಲಿಲ್ಲ.

ಐತವಾರ ಖಾನಾಪುರಕ್ಕೆ ಹೋದಾಗ ಅಪ್ಪ ದಿಂಬಿಗೆ ಒರಗಿದ್ದ. ಬೇಡ ಎಂದು ಕೈಯಾಡಿಸಿದ. ಅಕ್ಕ ಫೋನನ್ನು ಅವನ ಅಂಗೈಯಲ್ಲಿಟ್ಟು, "ಒಂದೇ ಗುಂಡು ಹೊಡಿ, ಅಪ್ಪಾ" ಎಂದಳು.

ಹೊಡೆದ.

"ಅಯ್ಯಯ್ಯಪ್ಪೋ, ಬದ್ನಿಕಾಯಿ ಬಿಟ್ಟೆ ಬಿಡ್ರೋ!"

ಅಡಿಗೆಮನೆಯಿಂದ ಅವ್ವ ಕೂಗಿದಳು: "ಏನ್ರೀ? ಏನಾತ್ರೀ?"

ಆಮೇಲೆ ಒಳಗೆ ಪಾತ್ರೆಯ ಸದ್ದು ನಿಂತಿತು. ಒದ್ದೆ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು. ಅಪ್ಪ ಅವಳನ್ನು ನೋಡಿದ. ಭುಜ ಕುಲುಕುತ್ತಿದ್ದವು, ಕುತ್ತಿಗೆಯ ಬಟ್ಟೆ ಬಡಬಡ ಹಾರುತ್ತಿತ್ತು. ನಗುತ್ತಿದ್ದಾನೆ ಎಂದು ತಿಳಿಯಲು ನನಗೆ ತುಸು ಹೊತ್ತು ಬೇಕಾಯಿತು. ಅವ್ವ ಮಂಚದ ಅಂಚಿಗೆ ಕುಳಿತು, "ಇನ್ನೊಬ್ಬಾವಗ ಹೊಡೀರಿ" ಎಂದಳು.

ಅಳುವ ಕಳ್ಳ ಬಿದ್ದ. ಸವಾಲಿನ ಕಳ್ಳ ಬಿದ್ದ. ಅಪ್ಪ ಬೇಕೆಂದೇ ಒಂದು ಗುಂಡನ್ನು ಮೇಲಕ್ಕೆ ಹೊಡೆದು, ಕಳ್ಳ ಸುಮ್ಮನೆ ನಿಂತದ್ದನ್ನು ಕಂಡು ಅಕ್ಕನಿಗೆ ಹುಬ್ಬು ಹಾರಿಸಿದ. ಯಾರನ್ನಾದರೂ ಅಣಕಿಸಿ ನಗಿಸಬೇಕು ಅನ್ನಿಸಿ ಬಾಯಿ ತೆರೆದೆ. ಬಾಯಿಗೆ ಬಂದದ್ದು ಅಪ್ಪನ ದನಿಯೇ. ಮುಚ್ಚಿದೆ. ಅಸಲು ಮಾಲು ಅಲ್ಲೇ ಇತ್ತು.

ಆಮೇಲಿನ ಐತವಾರಗಳಲ್ಲೂ ಅಪ್ಪ ಆಡಿದ. ಅವ್ವ ಪಕ್ಕದಲ್ಲಿ ಕುಳಿತು ಕೇಳುತ್ತಿದ್ದಳು. ಬರಬರುತ್ತ ಅವನ ಬೆರಳು ನಡುಗತೊಡಗಿತು. ಒಂದು ಗುಂಡು ತಲೆಯ ಮೇಲೆ ಹೋಯಿತು, ಇನ್ನೊಂದು ಬುಟ್ಟಿಗೆ ಬಡಿಯಿತು. ಕಡ್ಡಿಗಳ್ಳರು ತುಟಿ ಬಿಚ್ಚದೆ ನಿಂತಿದ್ದರು. ಅವ್ವ ಅಕ್ಕನ ಕಡೆ ತಿರುಗಿದಳು.

"ಮತ್ತ ಕೆಟ್ಟೈತೇನ? ಹೋದ ಸಲದಂಗ ರಿಪೇರಿ ಮಾಡಾಕ ಬರೂದಿಲ್ಲೇನ?"

ಅಕ್ಕ ಪರದೆಯನ್ನೇ ನೋಡುತ್ತಿದ್ದಳು.

"ಇಲ್ಲವ್ವಾ," ಎಂದಳು, "ಈಗ ಎಲ್ಲಾ ಸರಿ ಐತಿ."