ಗಲ್ಲಾದ ಹಿಂದಿನ ಕುರ್ಚಿ

ನಮ್ಮ ಚೆಂಬೂರಿನ ಚಾಳಿನಲ್ಲಿ ಮೋಹಿನಿಯಷ್ಟು ಚೆಂದದ ಇಂಗ್ಲಿಷ್ ಬರೆಯುವವರು ಇನ್ನೊಬ್ಬರಿರಲಿಲ್ಲ. ಮದುವೆಗೆ ಮುಂಚೆ ಫೋರ್ಟಿನ ಒಂದು ಹಡಗು ಕಂಪೆನಿಯಲ್ಲಿ ಟೈಪಿಸ್ಟ್ ಆಗಿದ್ದವಳು. ೧೯೬೩ರಲ್ಲಿ ಚೆನ್ನಯನ ಕೈಹಿಡಿದು, ಕೆಲಸ ಬಿಟ್ಟು, ಆಮೇಲೆ ಇಬ್ಬರು ಮಕ್ಕಳು, ಸ್ಟವ್ವು, ನಲ್ಲಿಯ ಸಾಲು. ಕೆಲಸ ಯಾಕೆ ಬಿಟ್ಟೆ ಎಂದು ಪಕ್ಕದ ಮನೆಯ ಶಾಲೆ ಟೀಚರಾದ ನಾನು ಕೇಳಿದರೆ "ಮದುವೆ ಆಯ್ತಲ್ಲ ಟೀಚರೆ" ಎನ್ನುತ್ತಿದ್ದಳು. ಅದು ಅರ್ಧ ಮಾತು. ಉಳಿದರ್ಧ ಗೋಡೆಯಾಚೆಯಿಂದ ನನ್ನ ಕಿವಿಗೆ ಆಗಲೇ ಬಿದ್ದಿತ್ತು. ದಾದರಿನ ಉಡುಪಿ ಹೋಟೆಲೊಂದರಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದ ಚೆನ್ನಯನಿಗಿಂತ ಹೆಂಡತಿಯ ಸಂಬಳ ಹೆಚ್ಚು. ಹೋಟೆಲಿನ ಹುಡುಗರು ಅದನ್ನು ಹಿಡಿದು ಆಡಿಕೊಂಡರು. ಗಂಡಸಿನ ಮಾನ ಗಾಜಿನ ಗ್ಲಾಸು ನೋಡಿ, ತಾಗಿದರೆ ಸಾಕು. ಒಂದು ದಿನ "ನಾಳೆಯಿಂದ ಹೋಗುವುದು ಬೇಡ" ಎಂದ. ಅವಳು ಹೋಗಲಿಲ್ಲ.

ಎಪ್ಪತ್ತೈದರ ಹೊತ್ತಿಗೆ ಬೆಲೆಗಳು ಮೇಲೇರಿದಂತೆ ಮಾನದ ಲೆಕ್ಕ ಕೆಳಗಿಳಿಯಿತು. ದೊಡ್ಡ ಮಗಳ ಫೀಸು ಕಟ್ಟಲಾಗದೆ ಚೆನ್ನಯನೇ ಬಾಯಿಬಿಟ್ಟ, "ನೀನು ಪುನಃ ಕೆಲಸಕ್ಕೆ ಟ್ರೈ ಮಾಡಬಹುದಲ್ಲ?" ಮೋಹಿನಿ ಹೆದರಿದಳು. ಹನ್ನೆರಡು ವರ್ಷ ಏನು ಮಾಡಿದೆ ಎಂದು ಕೇಳಿದರೆ ಏನು ಹೇಳುವುದು? ಅನ್ನ ಮಾಡಿದೆ ಎನ್ನಲೇ?

ಚೆನ್ನಯ ಅದಕ್ಕೂ ದಾರಿ ಹುಡುಕಿದ. ಹೋಟೆಲಿನ ದಣಿ ಒಳ್ಳೆಯ ಮನುಷ್ಯ, ಊರಿನವರೆಂದರೆ ಜೀವ. ಹೋಟೆಲಿನ ಲೆಟರ್‌ಹೆಡ್ ಮೇಲೆ ಸರ್ಟಿಫಿಕೇಟ್ ಬರೆಸಿ ಸಹಿ ಹಾಕಿಕೊಟ್ಟರು: ಮೋಹಿನಿ ಎಂಬವರು ಹನ್ನೆರಡು ವರ್ಷ ನಮ್ಮಲ್ಲಿ ಲೆಕ್ಕಪತ್ರದ ಗುಮಾಸ್ತೆಯಾಗಿದ್ದಾರೆ. ಚೆನ್ನಯ ಅದನ್ನು ಮನೆಗೆ ತಂದ ಸಂಜೆ ಹಬ್ಬದ ಮುಖ ಮಾಡಿಕೊಂಡಿದ್ದ. ಉಪಕಾರ ಮಾಡುವ ಅವಸರದಲ್ಲಿ ಇಬ್ಬರಿಗೂ ಒಂದು ವಿಷಯ ಹೊಳೆಯಲಿಲ್ಲ. ಮೋಹಿನಿಗೆ ಹೊಳೆದಿತ್ತೋ ಏನೋ, ಆಡಲಿಲ್ಲ. ಸ್ಟೇಷನ್ ಹತ್ತಿರ ಟೈಪಿಂಗ್ ಕ್ಲಾಸ್ ನಡೆಸುವ ವಿಜಾಪುರದ ಮುರಿಗೆಪ್ಪನವರಲ್ಲಿ ಬಯೋಡೇಟಾ ಟೈಪ್ ಮಾಡಿಸಿ ಕಳಿಸಿದಳು.

ದಾದರಿನ ಆಫೀಸಿನಿಂದ ಇಂಟರ್‌ವ್ಯೂ ಕಾಗದ ಬಂತು. ಒಬ್ಬಳೇ ಹೋಗಲು ಅಳುಕೆಂದು ನನ್ನನ್ನೂ ಕರೆದೊಯ್ದಳು. ನಾನು ಹೊರಗಿನ ಬೆಂಚಿನಲ್ಲಿ ಕುಳಿತಿದ್ದೆ. ಒಳಗಿನ ಸಾಹೇಬ ಮರಾಠಿಯವನು, ದನಿ ದೊಡ್ಡದು.

"ಈ ಹೋಟೆಲಾ? ನಾನು ದಿನಾ ಬೆಳಿಗ್ಗೆ ಅಲ್ಲೇ ಕಾಫಿ ಕುಡಿಯೋದು ಮೇಡಮ್! ಅಲ್ಲಿ ತಟ್ಟೆ ತೊಳೆಯೋದೂ ಗಂಡಸರೇ. ನಿಮ್ಮ ಕುರ್ಚಿ ಎಲ್ಲಿತ್ತು, ಗಲ್ಲಾದ ಹಿಂದೆಯಾ?"

ಒಳಗಿದ್ದ ಇನ್ನಿಬ್ಬರು ನಕ್ಕರು. ಆ ಕಾಲದ ಉಡುಪಿ ಹೋಟೆಲಿನಲ್ಲಿ ಹೆಂಗಸು ಕೆಲಸಕ್ಕಿರುವುದಿಲ್ಲ ಎಂಬುದು ಮುಂಬಯಿಯ ಚಿಕ್ಕ ಮಗುವಿಗೂ ಗೊತ್ತು. ನಮ್ಮ ಬುದ್ಧಿವಂತರಿಗೆ ಮಾತ್ರ ಗೊತ್ತಾಗಲಿಲ್ಲ. ಮೋಹಿನಿ ಹೊರಗೆ ಬಂದಾಗ ಸರ್ಟಿಫಿಕೇಟ್ ಅವಳ ಮುಷ್ಟಿಯಲ್ಲಿ ಮುದುಡಿತ್ತು. ಲೋಕಲ್‌ನಲ್ಲಿ ಚೆಂಬೂರಿನ ತನಕ ಸೆರಗನ್ನು ಬಾಯಿಗೊತ್ತಿಕೊಂಡೇ ಕುಳಿತಿದ್ದಳು. ನನಗೆ ಸಿಟ್ಟು ಬಂದಿತ್ತು, ನಕ್ಕವರ ಮೇಲಲ್ಲ, ಚೆನ್ನಯನ ಮೇಲೆ.

"ಕಳ್ಳಿಯ ಹಾಗೆ ಆಯ್ತು ಟೀಚರೆ," ಎಂದಳು ಇಳಿಯುವಾಗ. "ನಾನು ಇನ್ನು ಯಾವ ಆಫೀಸಿನ ಮೆಟ್ಟಿಲೂ ಹತ್ತುವುದಿಲ್ಲ."

ಅವಳನ್ನು ಎಳೆದುಕೊಂಡು ನೇರ ಮುರಿಗೆಪ್ಪನವರ ಕ್ಲಾಸಿಗೇ ಹೋದೆ. ಹೋಟೆಲಿಗೆ ರಜೆ ಹಾಕಿದ್ದ ಚೆನ್ನಯನೂ ಸುದ್ದಿ ಕೇಳಲು ಅಲ್ಲೇ ಕಾಯುತ್ತಿದ್ದ. ಸುದ್ದಿ ಹೇಳಿದವಳು ನಾನು. ಅವನು ಬಾಗಿಲ ಹತ್ತಿರವೇ ನಿಂತುಬಿಟ್ಟ.

ಮುರಿಗೆಪ್ಪ ತಲೆ ಕೆರೆದುಕೊಂಡರು. "ನಂದೂ ತಪ್ಪೈತ್ರಿ ಅಕ್ಕಾರ. ಕಾಗದ ಕೊಟ್ರು, ಟೈಪ್ ಬಡದು ಕೊಟ್ಟೆ. ಕೇಳಬೇಕಿತ್ತು. ಕುಂಡ್ರಿ, ಹೊಸಾದು ಮಾಡೂಣು. ಹನ್ನೆರಡು ವರ್ಷ ಏನು ಮಾಡಿದ್ರಿ?"

"ಎಂಥದೂ ಇಲ್ಲ. ಮನೆಯಲ್ಲೇ ಇದ್ದದ್ದು."

"ಹಂಗಂದ್ರ ಹಂಗ ಬರಿಯೂಣು. ಖಾಲಿ ಬಿಟ್ರ ಓದಾಂವ ತನಗ ತಿಳಿದಂಗ ತುಂಬ್ಕೋತಾನ. ಸುಳ್ಳು ತುಂಬಿದ್ರ ಇವತ್ತಿನಂಗ ಆಗತೈತಿ. ಒಂದು ಸಾಲು ಸಾಕು, ಕಥಿ ಬ್ಯಾಡ."

ಮೊದಲು ಹಡಗು ಕಂಪೆನಿಯ ಹೆಸರು, ವರ್ಷಗಳು, ಅವರು ಕೊಟ್ಟ ನಿಜವಾದ ಸರ್ಟಿಫಿಕೇಟಿನ ನಕಲು. ಅದರ ಕೆಳಗೆ ಆ ಸಾಲು: ೧೯೬೩ರಿಂದ ೧೯೭೫, ಮನೆ ಮತ್ತು ಮಕ್ಕಳ ಜವಾಬ್ದಾರಿ, ಸಂಬಳದ ಕೆಲಸ ಮಾಡಿಲ್ಲ. ಮೋಹಿನಿ ಅದನ್ನು ಓದಿ ಕಣ್ಣು ಬೇರೆ ಕಡೆ ತಿರುಗಿಸಿದಳು. ಅಚ್ಚಾಗಿ ಕಂಡಾಗ ಇನ್ನೂ ನಾಚಿಕೆಯಾಯಿತು ಎಂದು ಆಮೇಲೆ ನನಗೆ ಹೇಳಿದಳು.

ನಲ್ಲಿ ನೀರಿಗಾಗಿ ಚಾಳಿನವರ ಪರವಾಗಿ ಮುನಿಸಿಪಾಲಿಟಿಗೆ ಇಂಗ್ಲಿಷ್ ಅರ್ಜಿಗಳನ್ನು ಬರೆದವಳು ಇವಳೇ ಎಂದು ನಾನು ನೆನಪಿಸಿದೆ. ಮುರಿಗೆಪ್ಪ ಅದನ್ನೂ ಹಾಕಿದರು, ಆದರೆ 'ಸಂಬಳವಿಲ್ಲದೆ' ಎಂಬ ಮಾತು ಬಿಡಲಿಲ್ಲ. ಕೈ ಮರೆತಿದೆಯೆಂದು ಅವಳು ಗೋಳಾಡಿದ್ದಕ್ಕೆ, "ನಾಳಿಂದ ಮಿಷನ್ ಮುಂದ ಕುಂಡ್ರಿ. ಮೊದಲಿನ ಸ್ಪೀಡ್ ಬಂದ ಮ್ಯಾಲ ಪರೀಕ್ಷೆಗೆ ರೆಡಿ ಅಂತ ಬರಿಯೂಣು, ಅಲ್ಲೀತನಕ ಕಳಸೂದು ಬ್ಯಾಡ" ಎಂದರು. ಕೊನೆಗೆ, "ಕೆಲಸ ಬಿಟ್ಟ ಕಾರಣ?"

ಮೋಹಿನಿ ಬಾಗಿಲ ಕಡೆ ನೋಡಿದಳು. ಬಾಗಿಲಲ್ಲಿದ್ದ ಚೆನ್ನಯ ತನ್ನ ಚಪ್ಪಲಿ ನೋಡುತ್ತಿದ್ದ.

"ಮದುವೆ," ಎಂದಳು.

"ಸಾಕು. ಆಫೀಸಿನವರಿಗೆ ಅದಕ್ಕಿಂತ ಹೆಚ್ಚಿಂದು ಬೇಕಾಗಿಲ್ಲ," ಎಂದು ಮುರಿಗೆಪ್ಪ ಮುಗಿಸಿದರು.

ಮಳೆಗಾಲ ಪೂರ್ತಿ ಅವಳು ಕ್ಲಾಸಿಗೆ ಹೋದಳು, ಹದಿನೆಂಟರ ಹುಡುಗಿಯರ ನಡುವೆ ಕುಳಿತು ಟೈಪ್ ಕುಟ್ಟಿದಳು. ನವರಾತ್ರಿ ಕಳೆದ ಮೇಲೆ ಚೆಂಬೂರಿನ ಕಾರ್ಖಾನೆಯೊಂದರ ಆಫೀಸಿನಿಂದ ಕರೆ ಬಂತು. ಹನ್ನೆರಡು ವರ್ಷಗಳ ಸಾಲಿನ ಮೇಲೆ ಅಲ್ಲಿಯ ಮ್ಯಾನೇಜರ್ ಬೆರಳಿಟ್ಟನಂತೆ. ಅವನು ಕೇಳಿದ್ದು ಒಂದೇ: "ಆಗ ಮದುವೆಗೆಂದು ಬಿಟ್ಟಿರಿ. ಮತ್ತೆ ಮನೆಯವರು ಬೇಡ ಎಂದರೆ?"

"ಬಿಡುವುದಿಲ್ಲ," ಎಂದಳಂತೆ. ಟೈಪಿಂಗ್ ಪರೀಕ್ಷೆ ಕೊಟ್ಟರು. ಆರು ತಿಂಗಳ ತಾತ್ಕಾಲಿಕ ಕೆಲಸ, ಸಂಬಳ ಹೊಸ ಹುಡುಗಿಯರಷ್ಟೇ.

ಮನೆಗೆ ಬಂದು ಆ ಪ್ರಶ್ನೆಯನ್ನೂ ಉತ್ತರವನ್ನೂ ಗಂಡನಿಗೆ ಹಾಗೆಯೇ ಹೇಳಿದಳು. ಅವನು ಊಟ ಬಿಟ್ಟು ಎದ್ದ. ಮರುದಿನ ಭಾನುವಾರ ಸಂಜೆ ಅವಳನ್ನೂ ನನ್ನನ್ನೂ ದೋಸೆಗೆಂದು ತನ್ನ ಹೋಟೆಲಿಗೆ ಕರೆದ. ಇಷ್ಟು ವರ್ಷದಲ್ಲಿ ಮೋಹಿನಿ ಆ ಹೋಟೆಲಿನೊಳಗೆ ಕಾಲಿಟ್ಟದ್ದು ಅದೇ ಮೊದಲು. ಗಲ್ಲಾ ದಾಟುವಾಗ ಅದರ ಹಿಂದಿದ್ದ ಒಂದೇ ಕುರ್ಚಿಯನ್ನು ನೋಡಿ ತಲೆ ತಗ್ಗಿಸಿದಳು.

ದಣಿ ಕೈಯುಜ್ಜುತ್ತ ಬಂದರು. "ಹೇಗೆ, ನನ್ನ ಕಾಗದ ಕೆಲಸ ಮಾಡಿತಲ್ಲ?" ಸುತ್ತ ನಾಲ್ಕು ಮೇಜಿನವರು ತಿರುಗಿದರು. ಮೋಹಿನಿಯ ಮುಖ ಇನ್ನಷ್ಟು ಬಾಗಿತು.

ಚೆನ್ನಯ ಇಷ್ಟು ದಿನ ಎತ್ತಿಟ್ಟುಕೊಂಡಿದ್ದ ಆ ಮುದುಡಿದ ಸರ್ಟಿಫಿಕೇಟನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟ.

"ಇಲ್ಲ ದಣಿ. ನೀವು ಒಳ್ಳೆಯದಕ್ಕೇ ಕೊಟ್ಟದ್ದು, ನಾನೇ ಕೇಳಿದ್ದು. ಇದರಿಂದ ಇವಳ ಮಾನ ಹೋಯ್ತು. ಇವಳು ಮನೆಯಲ್ಲೇ ಇದ್ದದ್ದು. ಇರಿಸಿದ್ದು ನಾನು. ನನಗಿಂತ ಹೆಚ್ಚು ಸಂಬಳ ತರ್ತಾಳೆ ಅಂತ ನನಗೆ ನಾಚಿಕೆ ಆಗ್ತಿತ್ತು, ಅದಕ್ಕೆ ಬಿಡಿಸಿದ್ದು."

ತಟ್ಟೆ ಹಿಡಿದ ಹುಡುಗರು ನಿಂತಲ್ಲೇ ನಿಂತರು. ದಣಿ ಕಾಗದ ಎತ್ತಿಕೊಂಡು ಒಳಗೆ ಹೋದರು. ಚೆನ್ನಯ ತಲೆ ಎತ್ತಲಿಲ್ಲ, ಅವನ ಕಿವಿಗಳು ಕೆಂಪಗಾಗಿದ್ದವು.

ಮೋಹಿನಿ ಆಗ ಮುಖ ಮೇಲೆತ್ತಿ ಅವನನ್ನು ಬಹಳ ಹೊತ್ತು ನೋಡಿದಳು. ಪರವಾಗಿಲ್ಲ ಎಂದು ಹೇಳುತ್ತಾಳೆಂದು ನಾನು ಕಾದೆ. ಹೇಳಲಿಲ್ಲ. ದೋಸೆಯ ತಟ್ಟೆಯನ್ನು ಅವನ ಕಡೆ ಸರಿಸಿ, "ಆರಿ ಹೋಗ್ತದೆ, ತಿನ್ನಿ," ಎಂದಳು.