ಸೊನ್ನೆಯ ಮೇಲೆ ನಿಂತ ಮುಳ್ಳು

ಅರವತ್ತರ ದಶಕದ ಆರಂಭದಲ್ಲಿ ಹಳಿಯಾಳ ತಾಲೂಕಿನ ಒಂದು ಹಳ್ಳಿಯಲ್ಲಿ ಹಾಲು ತಂಪು ಮಾಡುವ ಯಂತ್ರ ನೋಡಿಕೊಳ್ಳುವ ಕೆಲಸ ನನ್ನದಾಗಿತ್ತು. ಸಂಜೆ ಊರವರು ತಂದ ಎಮ್ಮೆಯ ಹಾಲನ್ನು ಕ್ಯಾನಿಗೆ ತುಂಬಿ ನೀರಿನ ತೊಟ್ಟಿಯಲ್ಲಿ ಇಳಿಸುತ್ತಿದ್ದೆವು. ಬೆಳಿಗ್ಗೆ ಲಾರಿ ಬಂದು ಅದನ್ನು ದಾಂಡೇಲಿಯ ಕಾರ್ಖಾನೆ ಕಾಲೊನಿಗೆ ಒಯ್ಯುತ್ತಿತ್ತು.

ನಮ್ಮ ಡೀಸೆಲ್ ಎಂಜಿನ್ನು ಸಣ್ಣದು. ಬಿಸಿ ಹಾಲು ಎರಡು ತಾಸಿನಲ್ಲಿ ನುಂಗುವ ತಂಪನ್ನು ಅದು ಹಗಲಿಡೀ ದುಡಿದು ಕೂಡಿಡಬೇಕಿತ್ತು. ಕೂಡಿಡುವುದೆಂದರೆ, ತೊಟ್ಟಿಯೊಳಗಿನ ಕೊಳವೆಗಳ ಮೇಲೆ ಬರ್ಫ, ಅಂದರೆ ಮಂಜುಗಡ್ಡೆ, ಕಟ್ಟಿಸುವುದು. ನನಗೆ ಕೆಲಸ ಕಲಿಸಿದ ಧಾರವಾಡದ ಹಿರಿಯ ಮಿಸ್ತ್ರಿ ತಾನು ರಜೆಯ ಮೇಲೆ ಹೋಗುವಾಗ ಒಂದೇ ಮಾತು ಹೇಳಿದ್ದ: “ಮುಳ್ಳು ನೋಡಿ ನಂಬಬ್ಯಾಡ. ಕೈ ಹಾಕಿ ನೋಡು. ನಾಕು ಬೆರಳು ಬರ್ಫ ಕಟ್ಟೂತನಾ ಎಂಜಿನ್ ಬಂದ್ ಮಾಡಬ್ಯಾಡ.”

ಮಳೆಗೆ ಧಾರವಾಡದ ದಾರಿಯ ಹಳ್ಳ ಏರಿ ಡೀಸೆಲ್ ಡ್ರಮ್ಮು ಬರಲಿಲ್ಲ. ಉಳಿದದ್ದು ಎರಡೇ ಡಬ್ಬಿ. ಮಧ್ಯಾಹ್ನದ ಹೊತ್ತಿಗೆ ತೊಟ್ಟಿಯ ನೀರಿನ ಉಷ್ಣತೆ ತೋರಿಸುವ ಮುಳ್ಳು ಸೊನ್ನೆಗೆ ಬಂತು. ಮ್ಯಾಟ್ರಿಕ್ ಪಾಸಾದವನು ನಾನು, ಮಿಸ್ತ್ರಿಗಿಂತ ಶಾಣ್ಯಾ. ಸೊನ್ನೆ ಎಂದರೆ ಬರ್ಫ ಆದಂತೆಯೇ, ಇನ್ನೇಕೆ ಡೀಸೆಲ್ ಸುಡಬೇಕು ಎಂದು ಎಂಜಿನ್ ನಿಲ್ಲಿಸಿದೆ. ಅಲ್ಪವಿದ್ಯೆ ಮಹಾಗರ್ವ! ಬಾವಿಯ ನೀರನ್ನು ಸೊನ್ನೆಗೆ ಇಳಿಸುವುದು ಸಣ್ಣ ಕೆಲಸ. ಅದೇ ನೀರು ಗಟ್ಟಿಯಾಗಲು ಅದರ ಮೂರು ಪಟ್ಟಿಗೂ ಹೆಚ್ಚು ಶಾಖವನ್ನು ಹೊರತೆಗೆಯಬೇಕು, ಅಷ್ಟು ಹೊತ್ತೂ ಮುಳ್ಳು ಸೊನ್ನೆಯಲ್ಲೇ ನಿಂತಿರುತ್ತದೆ. ಕೊಳವೆಗಳ ಮೇಲೆ ಆಗ ಇದ್ದದ್ದು ಉಗುರಿನಷ್ಟು ಪದರ.

ಸಂಜೆ ಕ್ಯಾನುಗಳನ್ನು ಇಳಿಸಿದ ಸ್ವಲ್ಪ ಹೊತ್ತಿಗೇ ಆ ಪದರ ಕರಗಿತು, ಮುಳ್ಳು ಏರತೊಡಗಿತು. ಗಾಬರಿಯಾಗಿ ಎಂಜಿನ್ ಮತ್ತೆ ಹಚ್ಚಿದೆ. ಅಷ್ಟು ಹಾಲಿನ ಕಾವನ್ನು ಒಮ್ಮೆಲೇ ಎಳೆಯುವ ತಾಕತ್ತು ಅದಕ್ಕೆಲ್ಲಿಂದ ಬರಬೇಕು? ಉಳಿಸಿದ ಡೀಸೆಲ್ಲೂ ತೀರಿತು.

ಬೆಳಿಗ್ಗೆ ಲಾರಿಯವನು ರೂಢಿಯಂತೆ ಕ್ಯಾನಿನಿಂದ ಒಂದಿಷ್ಟು ಹಾಲು ಕಾಸಿ ನೋಡಿದ. ಒಡೆಯಿತು. ಒಂದೊಂದನ್ನೂ ಕಾಸಿದ, ಎಲ್ಲವೂ ಒಡೆದವು. “ನಾ ಒಯ್ಯಾಂಗಿಲ್ರಿ,” ಎಂದು ಖಾಲಿ ಲಾರಿ ತಿರುಗಿಸಿಕೊಂಡು ಹೋದ.

ಹಾಲು ಕೊಟ್ಟವರೆಲ್ಲ ನೆರೆದಿದ್ದರು. ಬೈದರು, ಬೈಯಬೇಕಾದದ್ದೇ. ಒಂದೇ ಎಮ್ಮೆಯಿದ್ದ ವಿಧವೆಯೊಬ್ಬಳು ಗುಂಪಿನ ಹಿಂದೆ ನಿಂತಿದ್ದಳು. ತಪ್ಪು ನನ್ನದು ಎಂದು ಅವಳಿಗೆ ಹೇಳಿದೆ.

“ನಿನ್ನೆ ಮೊಮ್ಮಗ ಹಾಲಿಗೆ ಅತ್ತಿತ್ತು ತಮ್ಮಾ. ಬಡದು ಮಲಗಿಸಿ ಹಾಲು ಇಲ್ಲಿಗೆ ತಂದಿದ್ದೆ,” ಎಂದಳು.

ಅದಕ್ಕಿಂತ ಅವಳು ನನ್ನ ಕೆನ್ನೆಗೆ ಹೊಡೆದಿದ್ದರೆ ಚೆನ್ನಾಗಿತ್ತು.

ಮಧ್ಯಾಹ್ನ ಹಳ್ಳ ಇಳಿದು ಡೀಸೆಲ್ ಬಂತು. ಒಂದೇ ಮಧ್ಯಾಹ್ನಕ್ಕೆ ಸಾಕಷ್ಟು ಬರ್ಫ ಆಗದೆಂದು ಮನೆಮನೆಗೆ ಹೋಗಿ, ಇವತ್ತು ಹಾಲು ತರಬೇಡಿರೆಂದು ಹೇಳಿದೆ. ಅವಳ ಮನೆಯ ಮುಂದೆ ಆ ಕೂಸು ಆಡುತ್ತಿತ್ತು.

“ಹಂಗಾದ್ರ ಇವತ್ತ ಇದು ಕುಡೀತೈತಿ,” ಎಂದಳು ಅವಳು, ಮತ್ತು ನಕ್ಕಳು.